ಕಚೇರಿಗೆ ಸುಳಿವು ಸಿಗದಂತೆ ಕೆಲಸ ಹುಡುಕುವುದು: ಲಿಂಕ್ಡ್‌ಇನ್‌ನಲ್ಲಿ ಮೊದಲು ಏನನ್ನು ಮುಚ್ಚಬೇಕು?

ಇರುವ ಕೆಲಸ ಬಿಡದೆ ಬೇರೊಂದನ್ನು ಹುಡುಕುವವರು ಲಿಂಕ್ಡ್‌ಇನ್‌ನಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಹಂತಗಳನ್ನು ಹಿಂದುಮುಂದು ಮಾಡುವುದರಿಂದ. ಮೊದಲು ಪ್ರೊಫೈಲ್ ತಿದ್ದುತ್ತಾರೆ, ಆಮೇಲೆ ಸೆಟ್ಟಿಂಗ್ ಹುಡುಕುತ್ತಾರೆ. ಅಷ್ಟರಲ್ಲಿ ಸುದ್ದಿ ಸಹೋದ್ಯೋಗಿಗಳ ಫೀಡಿಗೆ ಹೋಗಿರುತ್ತದೆ. ಆದ್ದರಿಂದ ಕೆಳಗಿನ ಕ್ರಮವನ್ನು ಬದಲಿಸದಿರುವುದು ಒಳ್ಳೆಯದು.

ಮೊದಲು ಕಚೇರಿಯ ಲ್ಯಾಪ್‌ಟಾಪ್ ಬದಿಗಿಟ್ಟು, ನಿಮ್ಮ ಸ್ವಂತ ಸಾಧನದಲ್ಲಿ Settings & Privacy ತೆರೆದು, Visibility ವಿಭಾಗದಲ್ಲಿ ಪ್ರೊಫೈಲ್ ಬದಲಾವಣೆಗಳನ್ನು ನೆಟ್‌ವರ್ಕ್‌ಗೆ ತಿಳಿಸುವ ಆಯ್ಕೆಯನ್ನು ಆಫ್ ಮಾಡಿ. ಖಾತೆಗೆ ಕಚೇರಿಯ ಇಮೇಲ್ ಜೋಡಿಸಿದ್ದರೆ ಅದನ್ನೂ ಈಗಲೇ ತೆಗೆಯಿರಿ. ಈ ಆಯ್ಕೆ ನಿಲ್ಲಿಸುವುದು ಡಂಗುರವನ್ನು ಮಾತ್ರ; ನಿಮ್ಮ ಪ್ರೊಫೈಲಿಗೆ ತಾವಾಗಿಯೇ ಬಂದು ನೋಡುವವರಿಗೆ ಹೊಸ ಸಾಲುಗಳು ಕಂಡೇ ಕಾಣುತ್ತವೆ. ಹಾಗಾಗಿ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಹೊಸದಾಗಿ ಬರೆಯದೆ, ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತಿದ್ದಬೇಕೆಂಬುದು ನನ್ನ ಖಚಿತ ಸಲಹೆ.

ಇನ್ನು ಹೆಚ್ಚಿನವರು ಎಡವುವ ಹಂತ. ಕೆಲಸಕ್ಕೆ ಸಿದ್ಧ ಎಂದು ತಿಳಿಸುವ Open to work ಸೌಲಭ್ಯದಲ್ಲಿ ಎರಡು ಆಯ್ಕೆಗಳಿವೆ. All LinkedIn members ಆರಿಸಿದರೆ ನಿಮ್ಮ ಚಿತ್ರದ ಸುತ್ತ ಹಸಿರು ಚೌಕಟ್ಟು ಬಂದು ಗುಟ್ಟು ರಟ್ಟಾಗುತ್ತದೆ. Recruiters only ಆರಿಸಿದರೆ, ನೇಮಕಾತಿಗೆಂದೇ ಇರುವ ರಿಕ್ರೂಟರ್ ಸೇವೆಯನ್ನು ಬಳಸುವವರಿಗೆ ಮಾತ್ರ ಅದು ಕಾಣುತ್ತದೆ. ಅವರಲ್ಲೂ ನಿಮ್ಮ ಕಂಪನಿಯವರಿಗೆ ಮತ್ತು ಅದರ ಸಂಬಂಧಿತ ಕಂಪನಿಗಳವರಿಗೆ ಕಾಣದಂತೆ ತಡೆಯಲು ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ. ಪೂರ್ಣ ಗೋಪ್ಯತೆಯ ಖಾತರಿ ಇಲ್ಲವೆಂದು ಅದೇ ಹೇಳಿಕೊಂಡಿದೆ. ನೀವು ಯಾವ ಕಂಪನಿಯವರೆಂದು ಅದಕ್ಕೆ ತಿಳಿಯುವುದು ಪ್ರೊಫೈಲಿನಲ್ಲಿ ನೀವು ನಮೂದಿಸಿರುವ ಈಗಿನ ಹುದ್ದೆಯಿಂದ. ಆ ಸಾಲು ತಪ್ಪಿದ್ದರೆ ತಡೆಗೋಡೆಯೂ ತಪ್ಪಾದ ಜಾಗದಲ್ಲಿ ನಿಲ್ಲುತ್ತದೆ.

ನನ್ನ ಹಳೆಯ ಸಹೋದ್ಯೋಗಿಯೊಬ್ಬರಿಗೆ ಆದದ್ದು ಇದೇ. ಅವರ ಕಂಪನಿ ಇನ್ನೊಂದರೊಡನೆ ವಿಲೀನವಾಗಿ ಹೆಸರು ಬದಲಾಗಿತ್ತು. ಪ್ರೊಫೈಲಿನಲ್ಲಿ ಮಾತ್ರ ಹಳೆಯ ಹೆಸರು, ಅದೂ ಪಟ್ಟಿಯಿಂದ ಆರಿಸದೆ ಕೈಯಾರೆ ಟೈಪ್ ಮಾಡಿದ್ದು, ಹಾಗೆಯೇ ಉಳಿದಿತ್ತು. Recruiters only ಆನ್ ಮಾಡಿ ಅವರು ನಿಶ್ಚಿಂತೆಯಿಂದಿದ್ದರು. ಕೆಲವೇ ದಿನಗಳಲ್ಲಿ ಮ್ಯಾನೇಜರ್ ಕರೆದು, “ಎಲ್ಲಿಗಾದರೂ ಹೊರಟಿದ್ದೀರಾ?” ಎಂದು ಕೇಳಿದರು. ಅವರದೇ ಕಂಪನಿಯ ಎಚ್‌ಆರ್ ಸಿಬ್ಬಂದಿ ಯಾವುದೋ ಹುದ್ದೆಗೆ ಅಭ್ಯರ್ಥಿಗಳನ್ನು ಹುಡುಕುವಾಗ ಇವರ ಹೆಸರೇ ಎದುರಾಗಿತ್ತು.

ನಿಮ್ಮ ಪ್ರೊಫೈಲಿನಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಈಗಿನ ಹುದ್ದೆಯ ಪಕ್ಕದ ಲೋಗೊ ಒತ್ತಿದಾಗ ಕಂಪನಿಯ ಅಧಿಕೃತ ಪುಟ ತೆರೆದುಕೊಳ್ಳಬೇಕು. ಲೋಗೊ ಬದಲು ಕಟ್ಟಡದ ಬೂದು ಗುರುತು ಇದ್ದು, ಒತ್ತಿದರೂ ಆ ಪುಟ ತೆರೆಯದಿದ್ದರೆ ಹೆಸರು ಪುಟಕ್ಕೆ ಜೋಡಣೆಯಾಗಿಲ್ಲ. ಹುದ್ದೆಯನ್ನು ತಿದ್ದುವ ಪುಟ ತೆರೆದು, ಅಲ್ಲಿರುವ Notify network ಆಫ್ ಇದೆಯೆಂದು ಖಚಿತಪಡಿಸಿಕೊಂಡು, ಕಂಪನಿಯ ಹೆಸರನ್ನು ಟೈಪ್ ಮಾಡುವಾಗ ಕೆಳಗೆ ಇಳಿಯುವ ಪಟ್ಟಿಯಿಂದಲೇ ಆರಿಸಿ, ಉಳಿಸಿ. ಇಷ್ಟಾದ ಮೇಲಷ್ಟೇ Open to work ಕಡೆಗೆ ಹೋಗಿ. ನಿಮ್ಮ ಕಂಪನಿ ಹೊರಗಿನ ನೇಮಕಾತಿ ಏಜೆನ್ಸಿಯನ್ನು ಬಳಸುತ್ತಿದ್ದರೆ, ಆ ಏಜೆನ್ಸಿಯವರನ್ನು ಈ ತಡೆ ತಡೆಯುವುದಿಲ್ಲ. ಸಣ್ಣ ಕ್ಷೇತ್ರದಲ್ಲಿರುವವರು ಈ ಸೌಲಭ್ಯವನ್ನೇ ಬಿಟ್ಟು, ರಿಕ್ರೂಟರ್‌ಗಳಿಗೆ ನೇರವಾಗಿ ಸಂದೇಶ ಕಳುಹಿಸುವುದು ಮೇಲು.

ಕನೆಕ್ಷನ್‌ಗಳ ಪಟ್ಟಿಯನ್ನು ಇತರರಿಗೆ ತೋರಿಸುವ ಆಯ್ಕೆಯೂ Visibility ವಿಭಾಗದಲ್ಲಿಯೇ ಇದೆ; ಆಫ್ ಮಾಡಿ. ಆದರೂ ಇಬ್ಬರಿಗೂ ಸಮಾನವಾಗಿರುವ ಕನೆಕ್ಷನ್‌ಗಳು ಮರೆಯಾಗುವುದಿಲ್ಲ. ನೀವು ಸೇರಿಸಿಕೊಂಡ ರಿಕ್ರೂಟರ್ ನಿಮ್ಮ ಟೀಮ್ ಲೀಡ್‌ಗೂ ಪರಿಚಿತರಾಗಿದ್ದರೆ, ಆ ರಿಕ್ರೂಟರ್‌ನ ಪ್ರೊಫೈಲ್ ನೋಡಿದ ಲೀಡ್‌ಗೆ ನಿಮ್ಮ ಹೆಸರು ಕಾಣಬಹುದು. ಒಂದೇ ವಾರದಲ್ಲಿ ಹತ್ತಾರು ರಿಕ್ರೂಟರ್‌ಗಳನ್ನು ಸೇರಿಸುವ ಆತುರ ಬೇಡ. ಇದನ್ನೆಲ್ಲ ತಾನೇ ಮಾಡಿಕೊಡುವೆನೆನ್ನುವ ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಗೊಡವೆಯೂ ಬೇಡ. ಇಂಥ ಸ್ವಯಂಚಾಲಿತ ಉಪಕರಣಗಳನ್ನು ಲಿಂಕ್ಡ್‌ಇನ್ ನಿಯಮಗಳು ನಿಷೇಧಿಸಿವೆ, ಸಿಕ್ಕಿಬಿದ್ದರೆ ಖಾತೆಯೇ ನಿರ್ಬಂಧಕ್ಕೆ ಒಳಗಾಗಬಹುದು.

ಲೈಕ್ ಮತ್ತು ಕಾಮೆಂಟ್‌ಗಳನ್ನು ಅಡಗಿಸುವ ಗುಂಡಿ ಇಲ್ಲ. “ನಾವು ನೇಮಕ ಮಾಡುತ್ತಿದ್ದೇವೆ” ಎಂಬ ಪೋಸ್ಟ್‌ಗೆ ನೀವು ಒತ್ತಿದ ಲೈಕ್ ನಿಮ್ಮ ಕನೆಕ್ಷನ್‌ಗಳ ಫೀಡಿನಲ್ಲಿ ನಿಮ್ಮ ಹೆಸರಿನೊಂದಿಗೇ ಮೂಡಬಹುದು. ಬೇಕೆನಿಸಿದ ಪೋಸ್ಟನ್ನು ಸೇವ್ ಮಾಡಿಕೊಳ್ಳಿ, ಅದು ಯಾರಿಗೂ ಕಾಣುವುದಿಲ್ಲ.

ಬೇರೆ ಕಂಪನಿಯ ಮ್ಯಾನೇಜರ್‌ಗಳ ಪ್ರೊಫೈಲ್ ನೋಡುವ ದಿನ ಮಾತ್ರ, ನಿಮ್ಮ ಹೆಸರು ತೋರಿಸದ Private mode ಸಾಕು, ಏಕೆಂದರೆ ಉಚಿತ ಖಾತೆಯಲ್ಲಿ ಅದು ಆನ್ ಇರುವವರೆಗೆ ನಿಮ್ಮನ್ನು ಯಾರು ನೋಡಿದರೆಂಬುದು ನಿಮಗೂ ಕಾಣುವುದಿಲ್ಲ. ಯಾವ ರಿಕ್ರೂಟರ್ ಬಂದು ಹೋದರೆಂದು ತಿಳಿಯಲು ನಿಮಗೆ ಬೇಕಾಗುವುದು ಆ ಪಟ್ಟಿಯೇ.