ಅನುಪಾಲನಾ ವರದಿಯಲ್ಲಿ ‘ಪ್ರಗತಿಯಲ್ಲಿದೆ’ ಎಂದಷ್ಟೇ ಬರೆಯಬೇಡಿ

ಹಿಂದಿನ ಸಭೆಯ ಸೂಚನೆಗಳ ಮೇಲೆ ಏನು ಕ್ರಮವಾಗಿದೆ ಎಂದು ತಿಳಿಸುವ ಅನುಪಾಲನಾ ವರದಿ ಸಿದ್ಧಪಡಿಸುವಾಗ ನಡವಳಿಯ ಕ್ರಮಸಂಖ್ಯೆಯನ್ನೂ ಸೂಚನೆಯ ಪದಗಳನ್ನೂ ಬದಲಿಸದೆ ಇಳಿಸಿಕೊಳ್ಳಿ. ಮುಗಿದ ಅಂಶವನ್ನು ಕೈಬಿಟ್ಟು ಹೊಸ ಸಂಖ್ಯೆ ಕೊಟ್ಟರೆ, ಅಧ್ಯಕ್ಷರು ಹಳೆಯ ನಡವಳಿ ಹಿಡಿದು ಕೇಳುವಾಗ ಉತ್ತರ ತಾಳೆಯಾಗುವುದಿಲ್ಲ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಸಂಘದ ನಡವಳಿಯಲ್ಲಿ ಅಂಶ 4, ‘ಇಂಗುಗುಂಡಿಗಳ ಹೂಳು ತೆಗೆಸಿ, ಮುಚ್ಚಳ ಹಾಕಿಸುವುದು’ ಎಂದಿತ್ತು. ನಾನು ‘ಪ್ರಗತಿಯಲ್ಲಿದೆ’ ಎಂದು ಬರೆದೆ. ಮುಂದಿನ ಸಭೆಯಲ್ಲೂ ಅದೇ ಪದ ಉಳಿಯಿತು. ಈಗ ಅದನ್ನು 4(ಅ), 4(ಆ) ಎಂದು ಒಡೆದು, ‘6 ಗುಂಡಿಗಳ ಪೈಕಿ 4ರ ಹೂಳು ತೆಗೆಸಲಾಗಿದೆ, ಬಿಲ್ಲು ಲಗತ್ತಿಸಿದೆ; ಮುಚ್ಚಳಕ್ಕೆ ದರಪಟ್ಟಿ ಬಂದಿದೆ, ಖಜಾಂಚಿಯವರ ಅನುಮೋದನೆ ಬಾಕಿ’ ಎಂದು ಬರೆಯುತ್ತೇನೆ. ಕೆಲಸ ಯಾರ ಬಳಿ ನಿಂತಿದೆ ಎಂಬುದು ಕಾಣಲೇಬೇಕು. ಪತ್ರ ಬರೆದ ಮಾತ್ರಕ್ಕೆ ‘ಪೂರ್ಣಗೊಂಡಿದೆ’ ಎನ್ನಬೇಡಿ. ಪತ್ರ ಬರೆಯುವುದೇ ಸೂಚನೆಯಾಗಿದ್ದರೆ ಮಾತ್ರ ಅದು ಸರಿ.