ಹಸಿರು ದೀಪ ಉರಿಯುತ್ತಿತ್ತು, ಧ್ವನಿ ಹಿಡಿದದ್ದು ಮಾತ್ರ ಫೋನು

ಕಳೆದ ಮಳೆಗಾಲದಲ್ಲಿ ಶಿರಸಿ ಸಮೀಪದ ನಮ್ಮೂರ ಸಭಾಭವನದಲ್ಲಿ ಹಿರಿಯ ಕೃಷಿಕರೊಬ್ಬರು ಅಡಿಕೆಯ ಕೊಳೆರೋಗದ ಕುರಿತು ಮಾತನಾಡಿದಾಗ, ಅವರ ಎದೆಗೆ ವೈರ್‌ಲೆಸ್ ಕಾಲರ್ ಮೈಕು ಸಿಕ್ಕಿಸಿ, ರಿಸೀವರನ್ನು ಫೋನಿನ ಚಾರ್ಜಿಂಗ್ ಕಿಂಡಿಗೆ ಹಾಕಿ ನಲವತ್ತು ನಿಮಿಷ ಚಿತ್ರೀಕರಿಸಿದ್ದೆ. ಮನೆಗೆ ಬಂದು ಕೇಳಿದರೆ ತಗಡಿನ ಮಾಡಿನ ಮೇಲೆ ಬಡಿಯುವ ಮಳೆಯೇ ಮುಂದೆ, ಅವರ ಮಾತು ಎಲ್ಲೋ ಹಿಂದೆ.

ರಿಸೀವರಿನ ಹಸಿರು ದೀಪ ಕೊನೆಯವರೆಗೂ ಉರಿಯುತ್ತಿತ್ತು. ಆ ದೀಪ ಹೇಳುವುದು ಮೈಕು ಮತ್ತು ರಿಸೀವರ್ ಜೋಡಿಯಾಗಿವೆ ಎಂಬುದನ್ನು ಮಾತ್ರ. ಫೋನು ಆ ಧ್ವನಿಯನ್ನು ತೆಗೆದುಕೊಳ್ಳುತ್ತಿದೆಯೇ ಎಂಬುದು ಬೇರೆಯೇ ವಿಷಯ. ನನ್ನ ಫೋನಿನಲ್ಲಿ ಹೊರಗಿನ ಉಪಕರಣ ಕೆಲಸ ಮಾಡಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ `OTG` ಆನ್ ಮಾಡಿರಬೇಕು, ಮತ್ತು ಹತ್ತು ನಿಮಿಷ ಬಳಕೆಯಿಲ್ಲದಿದ್ದರೆ ಅದು ತಾನಾಗಿ ಆಫ್ ಆಗುತ್ತದೆ. ಕಾರ್ಯಕ್ರಮ ತಡವಾಯಿತೆಂದು ನಾನು ರಿಸೀವರ್ ಕಿತ್ತು ಅದೇ ಕಿಂಡಿಯಲ್ಲಿ ಫೋನನ್ನು ಚಾರ್ಜಿಗೆ ಹಾಕಿದ್ದೆ. ಮತ್ತೆ ರಿಸೀವರ್ ಸಿಕ್ಕಿಸುವಷ್ಟರಲ್ಲಿ ಅದು ಆಫ್ ಆಗಿತ್ತು. ರಿಸೀವರಿಗೆ ಸ್ವಂತ ಬ್ಯಾಟರಿ ಇದ್ದುದರಿಂದ ದೀಪ ಮಾತ್ರ ಆರಲಿಲ್ಲ.

ಮುಂದಿನ ಉಪನ್ಯಾಸಕ್ಕೆ ಮೊದಲು `OTG` ಆನ್ ಮಾಡಿ, ನಡುವೆ ಕರೆ ಬಾರದಂತೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅನಂತರ ರಿಸೀವರ್ ಸಿಕ್ಕಿಸಿದೆ. ಫೋನಿನ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಗಣಿಸುತ್ತದೆಂದು ನಂಬುವಂತಿಲ್ಲವಾದ್ದರಿಂದ `Open Camera` ಬಳಸಿ, ಅದರ ವಿಡಿಯೊ ಸೆಟ್ಟಿಂಗ್ಸ್‌ನ `Audio source` ಎಂಬಲ್ಲಿ ಹೊರಗಿನ ಮೈಕನ್ನು ಆರಿಸಿದೆ. ಬಳಿಕ ರೆಕಾರ್ಡಿಂಗ್ ಶುರುಮಾಡಿ, ವೇದಿಕೆಯಲ್ಲಿದ್ದ ಅಳಿಯನಿಗೆ ಮೈಕಿನ ಸ್ಪಂಜನ್ನು ಉಗುರಿನಿಂದ ಮೆಲ್ಲಗೆ ಕೆರೆಯಲು ಹೇಳಿ, ಆಮೇಲೆ ನಾನೇ ಫೋನಿನ ಕೆಳ ಅಂಚನ್ನು ಕೆರೆದೆ. ಕೇಳುವಾಗ ಮೊದಲನೆಯ ಸದ್ದು ಜೋರಾಗಿಯೂ ಎರಡನೆಯದು ಕೇಳಿಯೂ ಕೇಳದಂತೆಯೂ ಇದ್ದರೆ ಸಂಪರ್ಕ ಸರಿ. ತಿರುಗುಮುರುಗಾದರೆ ಹಿಡಿಯುತ್ತಿರುವುದು ಫೋನಿನ ಮೈಕು. ಕೇಳುವ ಮೊದಲು ರಿಸೀವರ್ ಕೀಳಬೇಕು, ಏಕೆಂದರೆ ಕೆಲವು ಫೋನುಗಳು ಅದನ್ನು ಹೆಡ್‌ಫೋನೆಂದು ಭಾವಿಸಿ ಧ್ವನಿಯನ್ನು ಅತ್ತ ಕಳುಹಿಸಿ ಸುಮ್ಮನಾಗುತ್ತವೆ. ಮತ್ತೆ ಸಿಕ್ಕಿಸಿದ ಕೂಡಲೇ `OTG`ಯನ್ನು ಇನ್ನೊಮ್ಮೆ ನೋಡಿಕೊಂಡೆ.

ಲ್ಯಾಪ್‌ಟಾಪಿನಲ್ಲಿ ಇಷ್ಟು ತಾಪತ್ರಯವಿಲ್ಲ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ `Input` ಎಂಬಲ್ಲಿ ರಿಸೀವರನ್ನು ಆರಿಸಿದರಾಯಿತು. ಆದರೆ ಯುಎಸ್‌ಬಿಯ ಬದಲು ಒಂದೇ ರಂಧ್ರದ ಹೆಡ್‌ಸೆಟ್ ಜಾಕಿಗೆ ಹಾಕುವುದಾದರೆ ಪಿನ್ನಿನ ಮೇಲೆ ಮೂರು ಕಪ್ಪು ಉಂಗುರಗಳಿರುವ ಕೇಬಲ್ಲೇ ಬೇಕು. ಎರಡು ಉಂಗುರದ್ದು ಕ್ಯಾಮೆರಾಗಳಿಗಾಗಿ ಇರುವಂಥದು.

ಅಂದು ಉಳಿದ ತೊಡಕು ಸನ್ಮಾನದ ಶಾಲಿನದು. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ್ದ ಮೈಕಿನ ಮೇಲೆ ಅದು ಬಿದ್ದು ಪರಪರ ಸದ್ದು ಬರತೊಡಗಿತು. ತೆಗೆಯಬಹುದೇ ಎಂದು ಕೇಳಿದ್ದಕ್ಕೆ ಭಾಷಣಕಾರರು, "ತಮಾ, ಶಾಲು ತೆಗೆದ್ರೆ ಚೊಲೋ ಕಾಣ್ತಿಲ್ಲೆ" ಎಂದರು. ಮೈಕನ್ನೇ ಶಾಲಿನ ಹೊರ ಅಂಚಿಗೆ ಸಿಕ್ಕಿಸಿದೆ, ಸದ್ದು ನಿಂತಿತು.