ಪಿ-ವ್ಯಾಲ್ಯೂ 0.04 ಬಂತು ಅಂದ್ರೆ ಏನು ಬಂದಂತಾಯಿತು?

ಡಿಗ್ರಿ ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್ ತಿದ್ದುವುದು ನನ್ನ ಕೆಲಸ. ವರ್ಷವೂ ಕಡೆಯ ಪುಟದಲ್ಲಿ ಅದೇ ಸಾಲು: "ಪಿ-ವ್ಯಾಲ್ಯೂ 0.04 ಬಂದಿದೆ, ಆದ್ದರಿಂದ ನಮ್ಮ ಊಹೆ ಶೇ 96ರಷ್ಟು ಸರಿ." ಈ ಸಲ ಅದನ್ನು ಬರೆದವಳು ನಮ್ಮ ಅಕ್ಕನ ಮಗಳೇ. ಕೋಲಾರದ ಹತ್ತಿರ ಭಾವನ ಟೊಮೆಟೊ ಹೊಲವಿದೆ. ಅಂಗಡಿಯವರು ಕೊಟ್ಟ ಒಂದು ಟಾನಿಕ್ ಹೊಡೆದರೆ ಇಳುವರಿ ಜಾಸ್ತಿ ಆಗುತ್ತಾ ಅಂತ ನೋಡುವುದು ಅವಳ ಪ್ರಾಜೆಕ್ಟು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೊಲ. ಅಕ್ಕಪಕ್ಕದ ಎರಡು ಸಾಲು ಸೇರಿ ಒಂದು ಜೋಡಿ, ಹಾಗೆ 20 ಜೋಡಿ. ಜೋಡಿಯಲ್ಲಿ ಯಾವ ಸಾಲಿಗೆ ಟಾನಿಕ್, ಯಾವುದಕ್ಕೆ ಬರೀ ನೀರು ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ಭಾವ "ಚೆನ್ನಾಗಿರೋ ಸಾಲಿಗೇ ಹೊಡಿಯಮ್ಮ" ಅಂದಿದ್ದರಂತೆ. ಪುಣ್ಯಕ್ಕೆ ಅವಳು ಕೇಳಲಿಲ್ಲ. ಕೇಳಿದ್ದರೆ ಮುಂದಿನ ಲೆಕ್ಕವೆಲ್ಲ ಸುಮ್ನೆ.

ಆಮೇಲೆ ತೂಕ. ಎಲ್ಲ ಕೊಯ್ಲು ಮುಗಿದ ಮೇಲೆ ಪ್ರತಿ ಜೋಡಿಯಲ್ಲಿ ಯಾವ ಸಾಲು ಗೆದ್ದಿತು ಅಂತ ಗುರುತು ಹಾಕುವುದು. ಸಮ ಬಂದ ಜೋಡಿ ಇದ್ದರೆ ಬಿಟ್ಟುಬಿಡಿ. ಅವಳಿಗೆ 15 ಜೋಡಿಯಲ್ಲಿ ಟಾನಿಕ್ ಸಾಲು ಗೆದ್ದಿತ್ತು, 5ರಲ್ಲಿ ನೀರಿನ ಸಾಲು.

ಈಗ ಎಲ್ಲರೂ ಎಡವುವ ಜಾಗ. ಇಲ್ಲಿ ಒಂದು ಸುಳ್ಳನ್ನು ನಿಜ ಅಂತ ಇಟ್ಟುಕೊಳ್ಳಬೇಕು, ಅಥವಾ ಸುಳ್ಳೋ ನಿಜವೋ ಗೊತ್ತಿಲ್ಲದ ಒಂದು ಮಾತನ್ನು. "ಈ ಟಾನಿಕ್ ಬರೀ ಬಣ್ಣದ ನೀರು." ಪುಸ್ತಕದಲ್ಲಿ ಇದಕ್ಕೆ ನಲ್ ಹೈಪಾಥಿಸಿಸ್ ಅನ್ನುತ್ತಾರೆ. ಬಣ್ಣದ ನೀರೇ ಆದರೆ ಜೋಡಿಯಲ್ಲಿ ಯಾವ ಸಾಲು ಗೆಲ್ಲುತ್ತದೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಅಂದರೆ ಇಡೀ ಹೊಲ 20 ಸಲ ಚಿಮ್ಮಿದ ನಾಣ್ಯ, ಹೆಡ್ ಬಿದ್ದರೆ ಟಾನಿಕ್ ಸಾಲು ಗೆದ್ದ ಹಾಗೆ. 20 ಸಲ ಚಿಮ್ಮಿದರೆ ಬೀಳಬಹುದಾದ ಸರಣಿಗಳು ಒಟ್ಟು 10,48,576. ಅವುಗಳಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ಸಲ ಹೆಡ್ ಇರುವಂಥವು 21,700. ಭಾಗಿಸಿದರೆ 0.0207.

"15 ಬಂದಿದೆಯಲ್ಲ ಮಾವ, 16, 17 ಯಾಕೆ ಸೇರಿಸಬೇಕು?" ಅಂತ ಕೇಳಿದಳು. ಒಳ್ಳೆ ಪ್ರಶ್ನೆ. ಸರಿಯಾಗಿ ಇಷ್ಟೇ ಬರುವುದು ಅಂತ ನೋಡಿದರೆ ಯಾವುದೂ ಅಪರೂಪವೇ. ಎಲ್ಲಕ್ಕಿಂತ ಸಹಜವಾದ ಹತ್ತು-ಹತ್ತು ಕೂಡ 100ಕ್ಕೆ ಸುಮಾರು 18 ಸಲ ಮಾತ್ರ ಬೀಳುತ್ತದೆ. 2,000 ಸಲ ಚಿಮ್ಮಿದರೆ ಸರಿಯಾಗಿ ಸಾವಿರ ಬೀಳುವುದು 100ಕ್ಕೆ 2 ಸಲವೂ ಇಲ್ಲ, ಅದಕ್ಕೆ ನಾಣ್ಯ ಖೋಟಾ ಅನ್ನುತ್ತೀರಾ? ಅದಕ್ಕೇ "ಇಷ್ಟು ದೂರ, ಅಥವಾ ಇನ್ನೂ ದೂರ" ಅಂತ ಕೇಳುವುದು. ಟಾನಿಕ್ ಗಿಡವನ್ನು ಸುಟ್ಟು 5 ಜೋಡಿ ಮಾತ್ರ ಗೆದ್ದಿದ್ದರೂ ನಾವು ಹುಬ್ಬೇರಿಸುತ್ತಿದ್ದೆವು ಅಲ್ವಾ? ಹಾಗಾಗಿ ಆ ಕಡೆಯನ್ನೂ ಸೇರಿಸಿ ಎರಡರಷ್ಟು ಮಾಡಬೇಕು: 0.0414. ಇದೇ ಪಿ-ವ್ಯಾಲ್ಯೂ. ಫಲಿತಾಂಶ ನೋಡಿದ ಮೇಲೆ "ನಮಗೆ ಒಂದೇ ಕಡೆ ಸಾಕು" ಅಂತ ಅರ್ಧ ಮಾಡುವುದು ಕಳ್ಳಲೆಕ್ಕ, ನಾನಂತೂ ಮಾರ್ಕ್ಸ್ ಕಡಿಯುತ್ತೇನೆ.

ಸ್ಪ್ರೆಡ್‌ಶೀಟಿನಲ್ಲಿ ಇಷ್ಟೇ:

```
=2*(1-BINOM.DIST(14,20,0.5,TRUE))
```

15 ಅಲ್ಲ, 14 ಹಾಕಬೇಕು. 14ರವರೆಗಿನದನ್ನು ಕಳೆದರೆ ತಾನೇ 15ರಿಂದ ಮೇಲಿನದು ಉಳಿಯುವುದು. ಸಂಖ್ಯೆ ತುಂಬಿದ ಕೂಡಲೇ ಹಸಿರು ಬಣ್ಣದಲ್ಲಿ "ಸಿಗ್ನಿಫಿಕೆಂಟ್" ಅಂತ ತೋರಿಸುವ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳನ್ನು ಮಾತ್ರ ಮುಟ್ಟಬೇಡಿ. ಒಂದು ಕಡೆಯ ಲೆಕ್ಕ ಮಾಡಿತೋ ಎರಡು ಕಡೆಯದೋ ಅಂತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಸರಿ, 0.0414 ಅಂದರೆ ಏನು? ಟಾನಿಕ್ ಬಣ್ಣದ ನೀರೇ ಆಗಿದ್ದರೂ ಇಷ್ಟು ಏರುಪೇರು, ಅಥವಾ ಇನ್ನೂ ಜಾಸ್ತಿ, 100 ಹೊಲಕ್ಕೆ 4 ಹೊಲದಲ್ಲಿ ಸುಮ್ನೆ ಬಂದುಬಿಡುತ್ತದೆ. ಅಷ್ಟೇ. ಈ ವಾಕ್ಯದ "ಆಗಿದ್ದರೂ" ಅನ್ನುವ ಪದ ಬಿಟ್ಟರೆ ಅರ್ಥವೇ ಹೋಯಿತು.

ಮೊದಲ ತಪ್ಪು ಹುಟ್ಟುವುದೇ ಅಲ್ಲಿ. "ಬಣ್ಣದ ನೀರಾಗಿರುವ ಸಾಧ್ಯತೆ ಶೇ 4, ಆದ್ದರಿಂದ ಕೆಲಸ ಮಾಡುವ ಸಾಧ್ಯತೆ ಶೇ 96." ಬಣ್ಣದ ನೀರು ಅಂತ ಒಪ್ಪಿಕೊಂಡೇ ಲೆಕ್ಕ ಶುರು ಮಾಡಿದ್ದೇವೆ, ಅದೇ ಲೆಕ್ಕ ಅದು ಬಣ್ಣದ ನೀರು ಹೌದೋ ಅಲ್ಲವೋ ಅಂತ ಹೇಗೆ ಹೇಳೀತು?

ಅಂಗಡಿಯಲ್ಲಿ 100 ಬಗೆಯ ಟಾನಿಕ್ ಇವೆ ಅಂದುಕೊಳ್ಳಿ. 10 ನಿಜವಾಗಿ ಕೆಲಸ ಮಾಡುತ್ತವೆ, ಅಂದರೆ 10 ಜೋಡಿಗೆ 7ರ ಹಾಗೆ ಗೆಲ್ಲುತ್ತವೆ. ಉಳಿದ 90 ಬಣ್ಣದ ನೀರು. ಎಲ್ಲವನ್ನೂ 20 ಜೋಡಿಯಲ್ಲಿ ಪರೀಕ್ಷೆ ಮಾಡಿ. ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬಂದರೆ "ಸಿಗ್ನಿಫಿಕೆಂಟ್" ಅನ್ನುವುದು ರೂಢಿ. 90ರಲ್ಲಿ ಸುಮಾರು 4 ಅದೃಷ್ಟದ ಮೇಲೆ ಈ 0.05ರ ಗೆರೆ ದಾಟುತ್ತವೆ. ನಿಜವಾದ 10ರಲ್ಲೂ 4 ಮಾತ್ರ ದಾಟುತ್ತವೆ, ಯಾಕೆಂದು ಕೊನೆಗೆ ಹೇಳುತ್ತೇನೆ. ದಾಟಿದ 8ರಲ್ಲಿ ಅರ್ಧ ಸುಳ್ಳು! ಶೇ 96 ಎಲ್ಲಿ ಹೋಯಿತು? ಪರೀಕ್ಷೆಗೆ ಮೊದಲೇ ಕೆಲಸ ಮಾಡುವ ಟಾನಿಕ್ ಎಷ್ಟಿದ್ದವು ಅನ್ನುವುದರ ಮೇಲೆ ಉತ್ತರ ನಿಂತಿದೆ, ಅದು ಪಿ-ವ್ಯಾಲ್ಯೂ ಒಳಗೆ ಇಲ್ಲವೇ ಇಲ್ಲ.

ಅಂದ ಹಾಗೆ ಆ 0.05 ಗೆರೆ ಪ್ರಕೃತಿ ಎಳೆದದ್ದಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಷರ್ 1925ರಲ್ಲಿ ಅನುಕೂಲಕ್ಕೆ ಅಂತ ಹೇಳಿದ್ದು. ನಾವು ಅದನ್ನು ಕಲ್ಲಲ್ಲಿ ಕೆತ್ತಿದ್ದೇವೆ.

ಎರಡನೆಯದು, ಪಿ ಚಿಕ್ಕದಾದಷ್ಟೂ ಲಾಭ ದೊಡ್ಡದು ಅನ್ನುವುದು. ನಮ್ಮ ಲೆಕ್ಕಕ್ಕೆ ಕೆಜಿಯೇ ಗೊತ್ತಿಲ್ಲ ನೋಡಿ, ಗೆಲುವು-ಸೋಲು ಮಾತ್ರ ಗೊತ್ತು. ಆ 15 ಸಾಲು ಒಂದು ಬಾಕ್ಸ್ ಜಾಸ್ತಿ ಕೊಟ್ಟು ಗೆದ್ದಿರಬಹುದು, ಒಂದು ಹಣ್ಣು ಜಾಸ್ತಿ ಕೊಟ್ಟೂ ಗೆದ್ದಿರಬಹುದು. ತೂಕ ಬಳಸುವ ಟಿ-ಟೆಸ್ಟಿನಲ್ಲೂ ಈ ಗೊಂದಲ ತಪ್ಪುವುದಿಲ್ಲ, ಜೋಡಿಗಳು ಹೆಚ್ಚಿದರೆ ಚಿಲ್ಲರೆ ವ್ಯತ್ಯಾಸಕ್ಕೂ ಪಿ ಇಳಿಯುತ್ತದೆ. 10,000 ಜೋಡಿಯಲ್ಲಿ 5,100 ಗೆದ್ದರೂ ಪಿ ಸುಮಾರು 0.047. ನೂರಕ್ಕೆ 51 ಗೆಲುವು, ಟಾನಿಕ್ ಬಾಟಲಿಯ ದುಡ್ಡೂ ಹುಟ್ಟಲಿಕ್ಕಿಲ್ಲ. ಅದಕ್ಕೆ ರಿಪೋರ್ಟಿನಲ್ಲಿ ಪಿ ಬರೆಯುವ ಮೊದಲು ಸಾಲಿಗೆ ಎಷ್ಟು ಕೆಜಿ ಜಾಸ್ತಿ ಬಂತು ಅಂತ ಬರೆಯಿರಿ.

ಮೂರನೆಯದು ಇದರ ತಲೆಕೆಳಗು. ಅವಳಿಗೆ 15ರ ಬದಲು 14 ಗೆಲುವು ಬಂದಿದ್ದರೆ ಪಿ 0.115. "ಟಾನಿಕ್‌ನಿಂದ ಪ್ರಯೋಜನವಿಲ್ಲ ಎಂದು ಸಾಬೀತಾಗಿದೆ" ಅಂತ ಬರೆಯುತ್ತಿದ್ದಳು, ನನಗೆ ಗೊತ್ತು. ಒಂದೇ ಜೋಡಿ ಆಚೀಚೆ ಆದದ್ದಕ್ಕೆ ಟಾನಿಕ್‌ನ ಗುಣ ಬದಲಾಗುತ್ತಾ? 10ಕ್ಕೆ 7 ಗೆಲ್ಲುವ ನಿಜವಾದ ಟಾನಿಕ್ ಕೂಡ 20 ಜೋಡಿಯಲ್ಲಿ 15 ಮುಟ್ಟುವುದು 100ಕ್ಕೆ ಸುಮಾರು 42 ಸಲ ಮಾತ್ರ. ಆ 10ರಲ್ಲಿ 4 ಅಂದದ್ದು ಇದಕ್ಕೇ. ಅರ್ಧಕ್ಕಿಂತ ಜಾಸ್ತಿ ಸಲ ಒಳ್ಳೆಯ ಟಾನಿಕ್ಕೇ ಫೇಲು. ಗೆರೆ ದಾಟಲಿಲ್ಲ ಅಂದರೆ ವ್ಯತ್ಯಾಸ ಇಲ್ಲ ಅಂತಲ್ಲ, ಈ ಹೊಲಕ್ಕೆ ಅದು ಕಾಣಲಿಲ್ಲ ಅಂತ. ಹಾಗಂತ 14 ಬಂದ ಮೇಲೆ ಇನ್ನೆರಡು ಜೋಡಿ ಸೇರಿಸಿ ನೋಡುವುದು, ಮತ್ತೆರಡು ಸೇರಿಸಿ ನೋಡುವುದು ಬೇಡ. ಗೆರೆ ದಾಟಿದಾಗ ನಿಲ್ಲಿಸುತ್ತೇನೆ ಅಂದರೆ ಬಣ್ಣದ ನೀರೂ ಒಂದಲ್ಲ ಒಂದು ದಿನ ದಾಟುತ್ತದೆ. ಜೋಡಿ ಎಷ್ಟು ಅಂತ ನಾಟಿಗೆ ಮೊದಲೇ ಬರೆದಿಡಬೇಕು.

ಹಾಗಾದರೆ ಎಷ್ಟು ಬೇಕಿತ್ತು ಅಂತ ಕೇಳಿದಳು. 10ಕ್ಕೆ 7ರ ಟಾನಿಕ್ಕನ್ನು 100ಕ್ಕೆ 80 ಸಲ ಹಿಡಿಯಬೇಕಾದರೆ 50 ಜೋಡಿಯ ಹತ್ತಿರ ಬೇಕು ಅಂದೆ. ಪಕ್ಕದಲ್ಲೇ ಕೂತಿದ್ದ ಭಾವ ಎದ್ದು ನಿಂತರು. "ನೂರು ಸಾಲು ನಿನ್ನ ನಾಣ್ಯಕ್ಕೆ ಬಿಟ್ಟುಕೊಟ್ಟರೆ ಮಾರ್ಕೆಟ್ಟಿಗೆ ಏನು ಹಾಕ್ಲಪ್ಪ?"